ನಿವೃತ್ತ ಮೇಡಂ ಪತ್ರಕ್ಕೆ ಉತ್ತರ ಬರೆಯುವುದು: ಹೊಸ ಕೆಲಸ, ಊರು, ಹವ್ಯಾಸ ವಿಚಾರಿಸಿದವರಿಗೆ ಒಂದು ಪುಟದ ಕೃತಜ್ಞತಾ ಪತ್ರ

ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಡಂ ಪತ್ರ ಬರೆದಿರುತ್ತಾರೆ. ಕೆಲಸ ಹೇಗಿದೆ, ಊರು ಹೇಗಿದೆ, ಹಾಡುವುದು ಬಿಟ್ಟಿಲ್ಲ ತಾನೇ ಎಂದು ಕೇಳಿರುತ್ತಾರೆ. ಉತ್ತರ ಬರೆಯಲು ಕೂತವರಲ್ಲಿ ಬಹಳಷ್ಟು ಜನ ಒಂದೇ ಕಡೆ ಎಡವುತ್ತಾರೆ: ಪುಟದ ಮುಕ್ಕಾಲು ಭಾಗ "ನಿಮ್ಮಂಥ ಗುರುಗಳು ಸಿಕ್ಕಿದ್ದು ನಮ್ಮ ಪುಣ್ಯ" ಎನ್ನುವುದರಲ್ಲೇ ಮುಗಿದು, ಕೇಳಿದ ಪ್ರಶ್ನೆಗಳಿಗೆ "ಎಲ್ಲ ಚೆನ್ನಾಗಿದೆ" ಎಂಬ ಒಂದು ಸಾಲು ಉಳಿಯುತ್ತದೆ. ಓದಿದ ಮೇಡಂಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಇಂಥ ಪತ್ರದಲ್ಲಿ ಕೃತಜ್ಞತೆ ಕಾಣಿಸಬೇಕಾದದ್ದು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವುದರಲ್ಲಿ.

ಕೆಳಗಿನ ಹಂತಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇಡಂ ಸಾಗರದವರು, ಕನ್ನಡ ಪಾಠ ಹೇಳಿ ನಿವೃತ್ತರಾದವರು. ಶಿಷ್ಯ ಪುಣೆಯ ಉತ್ತರಕ್ಕೆ, ನಾಸಿಕ್ ರಸ್ತೆಯಲ್ಲಿರುವ ಚಾಕಣ್‌ನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಸೇರಿದ್ದಾನೆ. ಮೇಡಂ ಬರೆದದ್ದು ಇಷ್ಟು:

"ಕೆಲಸ ಸಿಕ್ಕಿತೆಂದು ನಿಮ್ಮ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ತುಂಬಾ ಸಂತೋಷವಾಯಿತಪ್ಪ. ಕಾರ್ಖಾನೆ ಎಂದರು, ಒಳಗೆ ಏನು ಮಾಡುತ್ತೀ? ಸಂಬಳ ಸಾಲುತ್ತದೆಯೇ? ಊಟಕ್ಕೆ ಏನು ವ್ಯವಸ್ಥೆ? ಅಲ್ಲಿ ಎಲ್ಲರೂ ಮರಾಠಿಯೇ ಮಾತಾಡುವುದಂತೆ. ಹಾಡುವುದನ್ನು ಬಿಟ್ಟಿಲ್ಲ ತಾನೇ? ನನಗೆ ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಯಿತು, ಈಗ ಪರವಾಗಿಲ್ಲ."

## 1. ಮೊದಲು ಪ್ರಶ್ನೆಗಳನ್ನು ಹೆಕ್ಕಿ

ಬರೆಯುವ ಕಾಗದ ಆಮೇಲೆ ತೆಗೆಯಿರಿ. ಬಂದ ಪತ್ರವನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿ. ಮೊದಲ ಸಲ ಪ್ರಶ್ನಾರ್ಥಕ ಚಿಹ್ನೆ ಇರುವ ವಾಕ್ಯಗಳಿಗೆ ಗೆರೆ ಎಳೆಯಿರಿ. ಮೇಲಿನ ಪತ್ರದಲ್ಲಿ ಅಂಥವು ನಾಲ್ಕು: ಒಳಗಿನ ಕೆಲಸ, ಸಂಬಳ, ಊಟ, ಹಾಡು.

ಎರಡನೇ ಸಲ ಚಿಹ್ನೆ ಇಲ್ಲದ ಪ್ರಶ್ನೆಗಳನ್ನು ಹುಡುಕಿ. "ಎಲ್ಲರೂ ಮರಾಠಿಯೇ ಮಾತಾಡುವುದಂತೆ" ಎನ್ನುವಲ್ಲಿ ಆ "ಅಂತೆ" ಇದೆಯಲ್ಲ, ಅದು ಪ್ರಶ್ನೆಯೇ: ನಿನಗೆ ಕಷ್ಟವಾಗುತ್ತಿಲ್ಲವೇ? ಹಿರಿಯರು ಕಾಳಜಿಯ ವಿಷಯವನ್ನು ನೇರವಾಗಿ ಕೇಳದೆ ಹೀಗೆ ತೇಲಿಸಿ ಬಿಡುವುದು ಸಾಮಾನ್ಯ. ಕಣ್ಣಿನ ಆಪರೇಷನ್ ಪ್ರಶ್ನೆಯಲ್ಲ, ಆದರೆ ಅದಕ್ಕೆ ಉತ್ತರ ಬರಲೇಬೇಕು. ನಾಲ್ಕೂ ಪ್ರಶ್ನೆಗಳಿಗೆ ಅಚ್ಚುಕಟ್ಟಾಗಿ ಉತ್ತರಿಸಿ ಈ ಒಂದನ್ನು ಬಿಟ್ಟ ಪತ್ರ, ಅವರ ಪತ್ರವನ್ನು ಪೂರ್ತಿ ಓದಿಯೇ ಇಲ್ಲವೇನೋ ಎನ್ನಿಸುತ್ತದೆ.

ಈಗ ಒಂದು ಚೀಟಿಯಲ್ಲಿ ಆರು ಪದ ಬರೆದುಕೊಳ್ಳಿ: ಕಣ್ಣು, ಕೆಲಸ, ಸಂಬಳ, ಊಟ, ಮರಾಠಿ, ಹಾಡು. ಪತ್ರ ಮುಗಿದ ಮೇಲೆ ತಾಳೆ ನೋಡುವುದು ಈ ಚೀಟಿಯನ್ನೇ.

## 2. ಕಾಗದ ಮತ್ತು ಪೆನ್ನು

ಇನ್‌ಲ್ಯಾಂಡ್ ಲೆಟರ್ ಇಂಥ ಪತ್ರಕ್ಕೆ ಹೇಳಿ ಮಾಡಿಸಿದಂತಿದೆ. 2.50 ರೂಪಾಯಿಗೆ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಜಾಗ ಅಷ್ಟೇ ಇರುವುದರಿಂದ ಪತ್ರ ತಾನಾಗಿ ಚಿಕ್ಕದಾಗುತ್ತದೆ. ಆದರೆ ಅದರೊಳಗೆ ಬೇರೆ ಏನನ್ನೂ ಇಡುವಂತಿಲ್ಲ. ಫೋಟೊ ಕಳಿಸಬೇಕೆಂದಿದ್ದರೆ ಲಕೋಟೆ ತೆಗೆದುಕೊಳ್ಳಿ. 20 ಗ್ರಾಂವರೆಗೆ 5 ರೂಪಾಯಿ ಅಂಚೆಚೀಟಿ ಸಾಕು. ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುವುದರಿಂದ ಎರಡು ಹಾಳೆ, ಒಂದು ಫೋಟೊ ಆ ಮಿತಿಯೊಳಗೇ ಬರುತ್ತವೆ.

ಪೋಸ್ಟ್‌ಕಾರ್ಡ್ ಬೇಡ. ಸಂಬಳದ ಮಾತು, ಮೇಡಂ ಆರೋಗ್ಯದ ಮಾತು ದಾರಿಯುದ್ದಕ್ಕೂ ಎಲ್ಲರಿಗೂ ಕಾಣುತ್ತದೆ.

ನೀಲಿ ಅಥವಾ ಕಪ್ಪು ಬಾಲ್‌ಪೆನ್ ಬಳಸಿ. ಜೆಲ್ ಪೆನ್ನಿನ ಮತ್ತು ಇಂಕ್ ಪೆನ್ನಿನ ಬರಹ ಚಂದ ಕಂಡರೂ ಮಳೆಗಾಲದಲ್ಲಿ ಒಂದು ಹನಿ ಬಿದ್ದರೂ ಕಲಸಿಹೋಗಬಹುದು. ಪತ್ರ ಹೋಗುತ್ತಿರುವುದು ಸಾಗರಕ್ಕೆ, ಆಗಸ್ಟಿನಲ್ಲಿ. ವಿಳಾಸವನ್ನಂತೂ ಬಾಲ್‌ಪೆನ್ನಿನಲ್ಲೇ ಬರೆಯಬೇಕು.

ಅಕ್ಷರದ ಗಾತ್ರವನ್ನು ಓದುವವರ ಕಣ್ಣು ನಿರ್ಧರಿಸಲಿ. ನೀವು ಸಾಮಾನ್ಯವಾಗಿ ಬರೆಯುವುದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆಯಿರಿ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಗುಲಿದರೆ ಒಳ್ಳೆಯ ಕಣ್ಣಿಗೂ ಓದುವುದು ಕಷ್ಟ. ಈ ಲೆಕ್ಕದಲ್ಲಿ ಇನ್‌ಲ್ಯಾಂಡಿನಲ್ಲಿ 150ರಿಂದ 180 ಪದ ಆರಾಮವಾಗಿ ಹಿಡಿಸುತ್ತವೆ. ಅಂಟು ಹಚ್ಚುವ ಅಂಚುಗಳಲ್ಲಿ ಎರಡು ಬೆರಳು ಜಾಗ ಖಾಲಿ ಬಿಡಿ, ಇಲ್ಲವಾದರೆ ಒಡೆಯುವಾಗ ಹರಿದುಹೋಗುವುದು ನಿಮ್ಮ ಕೊನೆಯ ಸಾಲುಗಳೇ.

## 3. ತಲೆಬರಹ ಮತ್ತು ಒಕ್ಕಣೆ

ಎಡಕ್ಕೆ "ಕ್ಷೇಮ", ನಡುವೆ "ಶ್ರೀ", ಬಲಕ್ಕೆ ಊರು ಮತ್ತು ತಾರೀಖು. ಇದು ಮೇಡಂ ಕಲಿಸಿದ ಕ್ರಮವೇ ಆಗಿರುವುದರಿಂದ ಹಾಗೇ ಇರಲಿ. "ಶ್ರೀ" ಹಾಕುವ ರೂಢಿ ನಿಮ್ಮಲ್ಲಿಲ್ಲದಿದ್ದರೆ ಬಿಡಬಹುದು, ತಾರೀಖನ್ನು ಮಾತ್ರ ಬಿಡಬೇಡಿ. ಹಿರಿಯರು ಪತ್ರಗಳನ್ನು ಎತ್ತಿಡುತ್ತಾರೆ, ತಾರೀಖಿಲ್ಲದ ಪತ್ರ ಯಾವಾಗಿನದೆಂದು ಮುಂದೆ ತಿಳಿಯುವುದಿಲ್ಲ.

ಸಂಬೋಧನೆಗೆ ಶಾಲೆಯಲ್ಲಿ ಕರೆಯುತ್ತಿದ್ದ ಪದವೇ ಸರಿ. "ಮೇಡಂ" ಎನ್ನುತ್ತಿದ್ದರೆ "ಪೂಜ್ಯ ಮೇಡಂ ಅವರಿಗೆ", "ಟೀಚರ್" ಎನ್ನುತ್ತಿದ್ದರೆ "ಪೂಜ್ಯ ಟೀಚರ್ ಅವರಿಗೆ", "ಅಕ್ಕೋರೇ" ಎನ್ನುತ್ತಿದ್ದರೆ "ಪೂಜ್ಯ ಅಕ್ಕೋರಿಗೆ". ಒಳಗೆ ಅವರ ಹೆಸರು ಬರೆಯುವ ರೂಢಿಯಿಲ್ಲ, ಹೆಸರು ವಿಳಾಸದಲ್ಲಿ ಸಾಕು. "ಗೌರವಾನ್ವಿತರೇ", "ಮಾನ್ಯರೇ" ಎರಡೂ ರಜೆ ಅರ್ಜಿಯ ಒಕ್ಕಣೆ. ನೆರಳಿನಂತೆ ಅವುಗಳ ಹಿಂದೆಯೇ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಬಂದುಬಿಡುತ್ತದೆ.

"ನೀವು" ಅಥವಾ "ತಾವು", ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ. ಮೊದಲ ಪ್ಯಾರಾದಲ್ಲಿ "ತಮ್ಮ ಪತ್ರ ತಲುಪಿತು" ಎಂದು ಶುರುಮಾಡಿ ಮೂರನೆಯದರಲ್ಲಿ "ನಿಮಗೆ ಗೊತ್ತಲ್ಲ" ಎಂದು ಇಳಿಯುವುದು ತುಂಬಾ ಕಾಣುವ ತಪ್ಪು. ಮಾತಾಡುವಾಗ "ನೀವು" ಎನ್ನುತ್ತಿದ್ದವರು ಪತ್ರದಲ್ಲೂ "ನೀವು" ಎಂದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

"ಉಭಯ ಕುಶಲೋಪರಿ ಸಾಂಪ್ರತ" ಬೇಕೇ? ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಅವರ ಕ್ಷೇಮವನ್ನು ಆಪರೇಷನ್ ಹೆಸರು ಹಿಡಿದೇ ವಿಚಾರಿಸುವಾಗ ಆ ಸಾಲಿಗೆ ಕೆಲಸವಿಲ್ಲ.

## 4. ಧನ್ಯವಾದದ ಪ್ಯಾರಾ

ಎರಡು ವಿಷಯಕ್ಕೆ ಧನ್ಯವಾದ ಹೇಳಬೇಕು. ಒಂದು, ಅವರು ಪತ್ರ ಬರೆದದ್ದಕ್ಕೆ. ಇನ್ನೊಂದು, ಅವರ ಪಾಠದಲ್ಲಿ ಇಂದು ನಿಮ್ಮ ಕೈಹಿಡಿದಿರುವ ಒಂದೇ ಒಂದು ಸಂಗತಿಗೆ.

ಎರಡನೆಯದನ್ನು ಹುಡುಕುವ ದಾರಿ ಹೀಗೆ: ಅವರು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದ ಮಾತು ಯಾವುದು? ಆ ಮಾತು ಈಗ ನಿಮ್ಮ ದಿನದಲ್ಲಿ ಎಲ್ಲಾದರೂ ನಡೆಯುತ್ತಿದೆಯೇ? ನಮ್ಮ ಉದಾಹರಣೆಯ ಮೇಡಂ "ಬರೆದದ್ದನ್ನು ಇನ್ನೊಮ್ಮೆ ಓದದೆ ಕೈಗೆ ಕೊಡಬೇಡಿ" ಎನ್ನುತ್ತಿದ್ದರು ಎಂದಿಟ್ಟುಕೊಳ್ಳಿ. ಶಿಷ್ಯ ಈಗ ಅಳತೆ ನೋಡುವ ಕೆಲಸದಲ್ಲಿದ್ದಾನೆ, ಎರಡನೇ ಸಲ ಅಳೆಯದೆ ಸಹಿ ಹಾಕುವುದಿಲ್ಲ. ಎರಡೂ ಕೂಡಿದವು. ಇದನ್ನು ಕೆಲಸದ ಪ್ಯಾರಾದೊಳಗೇ ಇಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ಹೊಗಳಿಕೆಯಂತೆ ಕೇಳಿಸದೆ ಸುದ್ದಿಯಂತೆ ಕೇಳಿಸುತ್ತದೆ.

ಅಂಥ ಮಾತು ನೆನಪಾಗದಿದ್ದರೆ ಕಟ್ಟಬೇಡಿ. ಅವರಿಗೆ ತಮ್ಮ ಪಾಠ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ಪತ್ರ ಬರೆದದ್ದಕ್ಕೆ ಮಾತ್ರ ಧನ್ಯವಾದ ಹೇಳಿ ಮುಂದಕ್ಕೆ ಹೋಗಿ.

ಈ ಪ್ಯಾರಾ ನಾಲ್ಕು ಸಾಲು ದಾಟಿದರೆ ಅದು ಅಪಾಯದ ಸೂಚನೆ. "ಅಕ್ಷರ ಕಲಿಸಿದ ದೇವತೆ", "ಜ್ಞಾನದ ಜ್ಯೋತಿ" ಎಂಬ ಪದಗಳು ಬಂದಿದ್ದರೆ ಬೀಳ್ಕೊಡುಗೆ ಸಮಾರಂಭದ ಸನ್ಮಾನಪತ್ರ ಒಳಗೆ ನುಗ್ಗಿದೆ ಎಂದೇ ಅರ್ಥ. ಹೊಡೆದುಹಾಕಿ.

## 5. ಕೆಲಸದ ಪ್ರಶ್ನೆ

ಅತಿ ಹೆಚ್ಚು ಪತ್ರಗಳು ಕೆಡುವುದು ಇಲ್ಲಿ. ಕೆಲಸ ಹೇಳಿ ಎಂದರೆ ಹುದ್ದೆ ಹೇಳುತ್ತೇವೆ. ಈ ವಾಕ್ಯ ನೋಡಿ:

"ನಾನು ಇಲ್ಲಿ ಕ್ಯೂಸಿ ಇನ್‌ಸ್ಪೆಕ್ಟರ್ ಆಗಿ ಇನ್‌ಕಮಿಂಗ್ ಮೆಟೀರಿಯಲ್ ಸ್ಯಾಂಪ್ಲಿಂಗ್, ರಿಜೆಕ್ಷನ್ ರಿಪೋರ್ಟ್ ಎಲ್ಲ ಹ್ಯಾಂಡಲ್ ಮಾಡುತ್ತಿದ್ದೇನೆ."

ಇದರಲ್ಲಿ ಸುಳ್ಳೇನಿಲ್ಲ, ಆದರೆ "ಒಳಗೆ ಏನು ಮಾಡುತ್ತೀ" ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಮೇಡಂ ಕೇಳಿದ್ದು ಕೈಯ ಕೆಲಸವನ್ನು. ಹಾಗಾಗಿ ಮೂರು ವಿಷಯ ಹೇಳಿ: ಕೈಯಲ್ಲಿ ಏನು ಹಿಡಿಯುತ್ತೀರಿ, ಅದರಿಂದ ಏನು ಮಾಡುತ್ತೀರಿ, ತಪ್ಪಿದರೆ ಏನಾಗುತ್ತದೆ.

"ಬೈಕಿನ ಬ್ರೇಕಿಗೆ ಹಾಕುವ ಉಕ್ಕಿನ ಬಿಲ್ಲೆಗಳು ನಮ್ಮ ಮೇಜಿಗೆ ಬರುತ್ತವೆ. ಶಾಲೆಯ ಪ್ರಯೋಗಶಾಲೆಯಲ್ಲಿತ್ತಲ್ಲ, ಆ ವರ್ನಿಯರ್ ಕ್ಯಾಲಿಪರ್‌ನಂಥದ್ದೇ ಸಾಧನದಿಂದ ಅವುಗಳ ದಪ್ಪ ಅಳೆಯುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪಕ್ಕಕ್ಕಿಡಬೇಕು."

ಹುದ್ದೆಯ ಹೆಸರೇ ಬರಲಿಲ್ಲ, ಆದರೂ ಕೆಲಸ ಕಣ್ಣಿಗೆ ಕಟ್ಟಿತು. ವರ್ನಿಯರ್ ಎಂಬ ಪದ ಉಳಿದದ್ದು ಅದು ಅವರ ಶಾಲೆಯ ಬೀರುವಿನಲ್ಲೂ ಇದ್ದ ವಸ್ತುವಾದ್ದರಿಂದ. ನೀವು ಕಂಪ್ಯೂಟರ್ ಕೆಲಸದವರಾದರೂ ದಾರಿ ಇದೇ: "ಬ್ಯಾಕೆಂಡ್ ಡೆವಲಪರ್" ಎನ್ನುವ ಬದಲು "ಬಸ್ ಟಿಕೆಟ್ ಕಾಯ್ದಿರಿಸುವಾಗ ಒಂದೇ ಸೀಟನ್ನು ಇಬ್ಬರಿಗೆ ಕೊಡದಂತೆ ನೋಡಿಕೊಳ್ಳುವ ಪ್ರೋಗ್ರಾಂ ಬರೆಯುತ್ತೇನೆ" ಎನ್ನಿ. ಪರೀಕ್ಷೆ ಸುಲಭ. ಆ ಪ್ಯಾರಾವನ್ನು ಮನೆಯ ಅಜ್ಜಿಗೆ ಅಥವಾ ನಿಮ್ಮ ಕ್ಷೇತ್ರದವರಲ್ಲದ ಯಾರಿಗಾದರೂ ಫೋನಿನಲ್ಲಿ ಓದಿ ಹೇಳಿ. "ಹಂಗಂದ್ರೆ?" ಎಂದು ಎಲ್ಲಿ ಕೇಳಿದರೋ ಅಲ್ಲಿ ಪದ ಬದಲಿಸಿ.

ಇನ್ನು ಸಂಬಳ. ನಮ್ಮ ಕಡೆ ಇದು ಅಧಿಕಪ್ರಸಂಗದ ಪ್ರಶ್ನೆಯಲ್ಲ, ಹಿರಿಯರ ಕಾಳಜಿ. ಆದರೆ ಅವರು ಕೇಳಿದ್ದು "ಎಷ್ಟು" ಎಂದಲ್ಲ, "ಸಾಲುತ್ತದೆಯೇ" ಎಂದು. ಅಂಕಿ ಬರೆದರೆ ಎರಡು ತೊಂದರೆ: ಕಣ್ಣು ಸರಿಯಿಲ್ಲದವರು ಪತ್ರವನ್ನು ಬೇರೆಯವರಿಂದ ಓದಿಸಿಕೊಳ್ಳುತ್ತಾರೆ, ಅಂಕಿ ಸಂತೆಯವರೆಗೂ ಹೋಗುತ್ತದೆ. ಬರೆಯದೆ ಜಾರಿಕೊಂಡರೆ ಕಷ್ಟದಲ್ಲಿದ್ದಾನೆಂದು ಅವರು ಊಹಿಸುತ್ತಾರೆ. "ರೂಮಿನ ಬಾಡಿಗೆ, ಊಟ ಕಳೆದು ಮನೆಗೂ ಸ್ವಲ್ಪ ಕಳಿಸಲು ಆಗುತ್ತಿದೆ" ಎಂದರೆ ಸಾಲುತ್ತದೆಯೇ ಎಂಬುದಕ್ಕೆ ನೇರ ಉತ್ತರ. ಸಾಲುತ್ತಿಲ್ಲವಾದರೆ "ಸದ್ಯಕ್ಕೆ ನನ್ನ ಖರ್ಚಿಗೆ ಸರಿಹೋಗುತ್ತಿದೆ, ಖಾಯಂ ಆದ ಮೇಲೆ ಹೆಚ್ಚುತ್ತದೆ" ಎನ್ನಬಹುದು, ಅದು ನಿಜವಾಗಿದ್ದರೆ ಮಾತ್ರ.

## 6. ಊರಿನ ಪ್ರಶ್ನೆ

"ಪುಣೆ ತುಂಬಾ ದೊಡ್ಡ ನಗರ, ಟ್ರಾಫಿಕ್ ಜಾಸ್ತಿ." ಈ ಸಾಲನ್ನು ಪುಣೆ ನೋಡದವರೂ ಬರೆಯಬಹುದು, ಬೆಂಗಳೂರಿಗೂ ಅನ್ವಯಿಸಬಹುದು. ಮೇಡಂಗೆ ಗೊತ್ತಿರುವ ಊರಿನ ಪಕ್ಕದಲ್ಲಿ ಹೊಸ ಊರನ್ನು ಇಟ್ಟರೆ ಮಾತ್ರ ಅವರಿಗೆ ಚಿತ್ರ ಸಿಗುತ್ತದೆ.

ಸಾಗರದವರಿಗೆ ಆಗಸ್ಟಿನಲ್ಲಿ ಮೊದಲು ಹೇಳಬೇಕಾದದ್ದು ಮಳೆ. ಪುಣೆ ಸಹ್ಯಾದ್ರಿಯ ಮಳೆ ಮರೆಯಲ್ಲಿದೆ, ಪಶ್ಚಿಮದಿಂದ ಬರುವ ಮೋಡ ಘಟ್ಟದ ಮೇಲೆಯೇ ಬಹುಪಾಲು ಸುರಿದುಬಿಡುತ್ತದೆ. ಅದೇ ಘಟ್ಟಸಾಲು, ಆದರೆ ಮಳೆ ಮಲೆನಾಡಿನದಲ್ಲ. "ನಮ್ಮೂರಿನ ಮಳೆ ಇಲ್ಲಿಲ್ಲ, ಕೊಡೆ ಒಣಗುತ್ತದೆ" ಎಂಬ ಒಂದು ಸಾಲು ಸಾಕು.

ಊಟವೂ ಹಾಗೇ. ಅನ್ನ ಉಂಡು ಬೆಳೆದವನಿಗೆ ಮೆಸ್ಸಿನಲ್ಲಿ ಮೊದಲು ಬರುವುದು ಚಪಾತಿ, ಅದನ್ನು ಅಲ್ಲಿ ಪೋಳಿ ಎನ್ನುತ್ತಾರೆ. ಜೋಳದ ಭಾಕರಿ ನಮ್ಮ ಉತ್ತರ ಕರ್ನಾಟಕದ ರೊಟ್ಟಿಯೇ. ಊಟದ ಪ್ರಶ್ನೆಗೆ ಯಾರು ಮಾಡುತ್ತಾರೆ, ಎಷ್ಟು ಹೊತ್ತು ಸಿಗುತ್ತದೆ, ಏನು ಇಲ್ಲ ಎಂಬ ಮೂರನ್ನು ಹೇಳಿ. "ಊಟ ಚೆನ್ನಾಗಿದೆ" ಎಂದಷ್ಟೇ ಬರೆದರೆ ನಂಬುವ ಮೇಡಂ ಇಲ್ಲ.

ಮರಾಠಿಯ ಕಾಳಜಿಗೆ ಅಲ್ಲಿನ ಒಂದು ನಿಜವಾದ ದೃಷ್ಟಾಂತ ಕೊಡಿ: ಕಾರ್ಖಾನೆಯಲ್ಲಿ ಹಿಂದಿಯಲ್ಲಿ ಸಾಗುತ್ತದೆ, ತರಕಾರಿ ಅಂಗಡಿಯಲ್ಲಿ ಮರಾಠಿ ಕಲಿಯುತ್ತಿದ್ದೇನೆ. ಅಕ್ಷರ ಹಿಂದಿಯದೇ ಆದ್ದರಿಂದ ಬಸ್ಸಿನ ಬೋರ್ಡು ಓದಲು ಮೊದಲ ದಿನದಿಂದಲೇ ಬರುತ್ತದೆ.

ದೂರು ಬರೆಯಬಹುದೇ? ಒಂದು ಬರೆಯಿರಿ, ಪರಿಹಾರವಾಗಿರುವಂಥದ್ದನ್ನು. ಪರಿಹಾರವಿಲ್ಲದ ದೂರನ್ನು ಬರೆದರೆ ಅದು ನಿಮ್ಮ ತಾಯಿಗೆ ತಲುಪಿ, ಸಂಜೆಗೆ ನಿಮಗೇ ಫೋನು ಬರುತ್ತದೆ.

## 7. ಹವ್ಯಾಸ, ಆಮೇಲೆ ತಿರುಗಿ ಕೇಳುವುದು

"ಬಿಟ್ಟಿಲ್ಲ ತಾನೇ" ಎಂದು ಕೇಳಿದವರಿಗೆ ಮೊದಲ ಪದದಲ್ಲೇ ಉತ್ತರ ಸಿಗಬೇಕು: ಬಿಟ್ಟಿಲ್ಲ, ಅಥವಾ ಬಿಟ್ಟಿದ್ದೇನೆ. ಬಿಟ್ಟಿದ್ದರೆ ಹಾಗೆಂದೇ ಬರೆದು, ಬದಲಿಗೆ ಏನು ಮಾಡುತ್ತೀರೆಂದು ಹೇಳಿ. "ಸಮಯ ಸಿಕ್ಕಾಗ ಹಾಡುತ್ತೇನೆ" ಎಂದರೆ ಬಿಟ್ಟಿದ್ದೇನೆ ಎಂದೇ ಮೇಡಂ ಓದಿಕೊಳ್ಳುತ್ತಾರೆ. ಹಾಗಾಗಿ ದಿನ ಅಥವಾ ಹೊತ್ತು ಹೇಳಿ: ಭಾನುವಾರ ಬೆಳಿಗ್ಗೆ, ರೂಮಿನ ಮಹಡಿಯ ಮೇಲೆ.

ಪುಣೆ ಮತ್ತು ಹಾಡು ಎಂದಾಗ ಒಂದು ಸಹಜವಾದ ಕೊಂಡಿಯಿದೆ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿ 1953ರಲ್ಲಿ ಅಲ್ಲಿ ಶುರುಮಾಡಿದ ಸಂಗೀತೋತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ಗುರುವಿನ ನೆನಪಿಗೆ ಶಿಷ್ಯ ನಡೆಸಿದ ಉತ್ಸವವನ್ನು ಗುರುವಿಗೆ ಬರೆಯುವ ಪತ್ರದಲ್ಲಿ ಹೇಳುವುದು ಚಂದವೇ. ಆದರೆ ಇಸವಿ, ವಿವರ ಎಲ್ಲ ತುಂಬಿ ಮೇಡಂಗೇ ಪಾಠ ಹೇಳಬೇಡಿ. ಒಂದು ಸಾಲು, ಅದರಲ್ಲಿ ನಿಮ್ಮ ಯೋಜನೆ ಮಾತ್ರ.

ತಿರುಗಿ ಕೇಳುವ ಪ್ರಶ್ನೆಗಳು ಎರಡಿರಲಿ. "ನೀವು ಹೇಗಿದ್ದೀರಿ" ಎಂಬುದು ಲೆಕ್ಕಕ್ಕಿಲ್ಲ. ಒಂದೆರಡು ವಾಕ್ಯದಲ್ಲಿ ಉತ್ತರಿಸಬಹುದಾದದ್ದನ್ನು ಕೇಳಿ: ಕಣ್ಣಿಗೆ ಹನಿ ಔಷಧಿ ಇನ್ನೂ ಹಾಕಬೇಕೇ, ಓದಲು ಯಾವಾಗಿನಿಂದ ಹೇಳಿದ್ದಾರೆ. ಆಪರೇಷನ್ ಆದವರಿಗೆ ಉದ್ದ ಉತ್ತರ ಬೇಡುವ ಪ್ರಶ್ನೆ ಹೊರಿಸಬಾರದು.

## 8. ಇಡೀ ಪತ್ರ

ಕ್ಷೇಮ — ಶ್ರೀ — ಚಾಕಣ್, ಪುಣೆ, 10-8-2025

ಪೂಜ್ಯ ಮೇಡಂ ಅವರಿಗೆ ನಿಮ್ಮ ಶಿಷ್ಯನ ನಮಸ್ಕಾರಗಳು.

ನಿಮ್ಮ ಪತ್ರ ಶುಕ್ರವಾರ ಕೈಸೇರಿತು. ಆಪರೇಷನ್ ಆದ ಕಣ್ಣಿಟ್ಟುಕೊಂಡು ನನಗಾಗಿ ಒಂದು ಪುಟ ಬರೆದಿದ್ದೀರಿ, ತುಂಬಾ ಧನ್ಯವಾದಗಳು. ಹನಿ ಔಷಧಿ ಇನ್ನೂ ಹಾಕಿಕೊಳ್ಳಬೇಕೇ?

ಕಾರ್ಖಾನೆಯೊಳಗೆ ಏನು ಮಾಡುತ್ತೀ ಎಂದು ಕೇಳಿದ್ದಿರಿ. ಬೈಕಿನ ಬ್ರೇಕಿಗೆ ಹಾಕುವ ಉಕ್ಕಿನ ಬಿಲ್ಲೆಗಳ ದಪ್ಪ ಅಳೆಯುತ್ತೇನೆ, ನಮ್ಮ ಶಾಲೆಯಲ್ಲಿದ್ದ ವರ್ನಿಯರ್‌ನಂಥದ್ದೇ ಸಾಧನದಿಂದ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕಿಡಬೇಕು. ಇನ್ನೊಮ್ಮೆ ಓದದೆ ಕೈಗೆ ಕೊಡಬೇಡಿ ಎನ್ನುತ್ತಿದ್ದಿರಲ್ಲ, ಈಗಲೂ ಎರಡನೇ ಸಲ ಅಳೆಯದೆ ಸಹಿ ಹಾಕುವುದಿಲ್ಲ. ಬಾಡಿಗೆ, ಊಟ ಕಳೆದು ಮನೆಗೂ ಸ್ವಲ್ಪ ಕಳಿಸಲು ಆಗುತ್ತಿದೆ.

ಊಟ ಮೆಸ್ಸಿನಲ್ಲಿ. ಚಪಾತಿಯೇ ಹೆಚ್ಚು, ಅನ್ನ ಕೊನೆಗೆ ಒಂದು ಸೌಟು. ಭಾನುವಾರ ರೂಮಿನಲ್ಲಿ ನಾನೇ ಅನ್ನ, ತಂಬುಳಿ ಮಾಡಿಕೊಳ್ಳುತ್ತೇನೆ. ನಮ್ಮೂರಿನ ಮಳೆ ಇಲ್ಲಿಲ್ಲ, ಕೊಡೆ ಒಣಗುತ್ತದೆ. ಮರಾಠಿ ಅಂಗಡಿಯಲ್ಲಿ ಕಲಿಯುತ್ತಿದ್ದೇನೆ, ಬೋರ್ಡು ಓದಲು ಕಷ್ಟವಿಲ್ಲ.

ಹಾಡುವುದನ್ನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಒಂದು ಗಂಟೆ. ಡಿಸೆಂಬರಿನಲ್ಲಿ ಇಲ್ಲಿ ಸವಾಯಿ ಗಂಧರ್ವರ ಹೆಸರಿನ ಉತ್ಸವವಿದೆ, ಒಂದು ದಿನವಾದರೂ ಹೋಗಬೇಕೆಂದಿದ್ದೇನೆ.

ದೀಪಾವಳಿಗೆ ರಜೆ ಸಿಕ್ಕರೆ ಊರಿಗೆ ಬರುತ್ತೇನೆ. ಆಗ ಮನೆಗೆ ಬಂದರೆ ತೊಂದರೆಯಿಲ್ಲವೇ?

ನಿಮ್ಮ ಆಶೀರ್ವಾದ ಬೇಡುವ,
(ಹೆಸರು, ಎಸ್ಸೆಸ್ಸೆಲ್ಸಿ ಓದಿದ ವರ್ಷ)

ಸಹಿಯ ಕೆಳಗೆ ಎಸ್ಸೆಸ್ಸೆಲ್ಸಿ ವರ್ಷ ಏಕೆಂದರೆ, ಒಂದೇ ಹೆಸರಿನ ಹಲವು ಮಕ್ಕಳು ಅವರ ಕೈದಾಟಿ ಹೋಗಿರುತ್ತಾರೆ. "ರಜೆ ಸಿಕ್ಕರೆ" ಎಂಬ ಪದವೂ ಬೇಕೆಂದೇ ಇಟ್ಟದ್ದು. "ಖಂಡಿತ ಬರುತ್ತೇನೆ" ಎಂದು ಬರೆದು ಬಾರದಿದ್ದರೆ ಅವರು ಕಾಯುತ್ತಾರೆ.

## 9. ತಿದ್ದುವುದು

ಮೊದಲು ಚೀಟಿ ತೆಗೆದು ಆರೂ ಪದಗಳನ್ನು ತಾಳೆ ನೋಡಿ. ಆಮೇಲೆ ಕಾಗುಣಿತ. ಓದುವವರು ಕನ್ನಡ ಮೇಡಂ ಎಂಬುದು ಮರೆಯಬೇಡಿ, ಮಹಾಪ್ರಾಣ ತಪ್ಪಿದರೆ ಅವರ ಕೈ ಕೆಂಪು ಪೆನ್ನು ಹುಡುಕುತ್ತದೆ. ಇಂಥ ಪತ್ರಗಳಲ್ಲಿ ಪದೇ ಪದೇ ಕೆಡುವ ಪದಗಳು ಕೆಲವೇ: "ಆರ್ಶೀವಾದ" ತಪ್ಪು, "ಆಶೀರ್ವಾದ" ಸರಿ. "ದನ್ಯವಾದ" ಅಲ್ಲ, "ಧನ್ಯವಾದ". "ವಿಧ್ಯಾರ್ಥಿ" ಅಲ್ಲ, "ವಿದ್ಯಾರ್ಥಿ". ಆದರೆ "ವಿಧೇಯ"ದಲ್ಲಿ ಮಹಾಪ್ರಾಣ ಬೇಕು. "ಔಷಧಿ"ಯಲ್ಲಿ ಕೊನೆಯದು ಧಿ. ಕರಡು ಬರೆದು ತಿದ್ದಿದ ಮೇಲೆಯೇ ಇನ್‌ಲ್ಯಾಂಡಿಗೆ ಇಳಿಸಿ, ಅದರಲ್ಲಿ ಎರಡನೇ ಅವಕಾಶವಿಲ್ಲ. ತಪ್ಪಿದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ, ವೈಟ್ನರ್ ಬಳಿದರೆ ಮಡಿಸಿದಾಗ ಎದುರು ಪುಟಕ್ಕೆ ಅಂಟುತ್ತದೆ.

## 10. ವಿಳಾಸ ಮತ್ತು ಅಂಚೆ

ಹೆಸರು, "ನಿವೃತ್ತ ಶಿಕ್ಷಕಿ", ಮನೆ, ರಸ್ತೆ, ಸಾಗರ, ಶಿವಮೊಗ್ಗ ಜಿಲ್ಲೆ, ಕರ್ನಾಟಕ, ಪಿನ್ 577401. ಸಾಗರ ಎಂಬ ಹೆಸರಿನ ಊರು ಮಧ್ಯಪ್ರದೇಶದಲ್ಲೂ ಇರುವುದರಿಂದ ಜಿಲ್ಲೆ, ರಾಜ್ಯ, ಪಿನ್ ಮೂರೂ ಬೇಕು. ಪತ್ರ ಹೊರಡುವುದು ಮಹಾರಾಷ್ಟ್ರದಿಂದ, ಅಲ್ಲಿ ವಿಂಗಡಿಸುವವರಿಗೆ ಕನ್ನಡ ಬಾರದು. ಹಾಗಾಗಿ ಊರು, ಜಿಲ್ಲೆ, ರಾಜ್ಯವನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು, ಪಿನ್‌ಕೋಡನ್ನು ಕನ್ನಡ ಅಂಕಿಯ ಬದಲು ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ. ಹಿಂಬದಿಯಲ್ಲಿ ನಿಮ್ಮ ವಿಳಾಸ ಇರಲಿ. ಅದಿಲ್ಲದಿದ್ದರೆ ತಲುಪದ ಪತ್ರ ನಿಮಗೂ ವಾಪಸ್ ಬರುವುದಿಲ್ಲ, ತಲುಪಿದ ಪತ್ರಕ್ಕೆ ಮೇಡಂ ಉತ್ತರ ಬರೆಯಲೂ ಆಗುವುದಿಲ್ಲ.

ಸ್ಪೀಡ್ ಪೋಸ್ಟ್ ಬೇಡ. ಅಂಚೆಯವರು ಸಹಿ ಕೇಳುತ್ತಾರೆ, ಮೇಡಂ ಮನೆಯಲ್ಲಿಲ್ಲದ ಹೊತ್ತಿಗೆ ಬಂದರೆ ಆ ದಿನ ಪತ್ರ ಕೈಗೆ ಸಿಗುವುದಿಲ್ಲ. ಡಬ್ಬಿಗೆ ಹಾಕುವ ಮೊದಲು ಪತ್ರದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಪತ್ರದಲ್ಲಿ ಅವರು "ಉತ್ಸವಕ್ಕೆ ಹೋದೆಯಾ" ಎಂದು ಕೇಳಿದಾಗ ಏನು ಬರೆದಿದ್ದಿರೆಂದು ನೋಡಲು ಅದೊಂದೇ ಪ್ರತಿ ನಿಮ್ಮ ಬಳಿ ಇರುವುದು.